ಪಕ್ಕದ ಸೀಟಿಗೆ ಜನ ಹೊಂದಿಸಿ ಎಲ್‌ಎಲ್ ದಾಟಿದ್ದು

ಡ್ರೈವಿಂಗ್ ಸ್ಕೂಲಿಗೆ ಸೇರದೆ, ಒಂದು ಸಲವೂ ಒಬ್ಬಳೇ ಗಾಡಿ ತೆಗೆಯದೆ ಬೆಂಗಳೂರಿನಲ್ಲಿ ಕಾರು ಕಲಿತು ಡಿಎಲ್ ತೆಗೆದುಕೊಂಡೆ ಅಂದರೆ ನಮ್ಮ ಆಫೀಸಿನಲ್ಲಿ ಈಗಲೂ ಇಬ್ಬರು ನಂಬುವುದಿಲ್ಲ. "ಎಲ್ಲರೂ ಎಲ್‌ಎಲ್ ಇಟ್ಕೊಂಡು ಆರಾಮಾಗಿ ಓಡಿಸ್ತಾರೆ ಮೇಡಂ. ನೀವು ರೂಲ್ಸ್ ಹಿಡ್ಕೊಂಡು ಕೂತರೆ ಆರು ತಿಂಗಳು ಮುಗಿಯುತ್ತೆ, ಕಾರು ಕವರ್ ಒಳಗೇ ಇರುತ್ತೆ" ಅಂದಿದ್ದರು. ಎಲ್‌ಎಲ್ ಅಂದರೆ ಆರು ತಿಂಗಳ ಕಲಿಕಾ ಲೈಸೆನ್ಸ್, ಅದರ ಅವಧಿ ಮುಗಿಯೋಕೆ ಒಂದು ತಿಂಗಳಿಗೂ ಹೆಚ್ಚು ಬಾಕಿ ಇರುವಾಗಲೇ ಟೆಸ್ಟ್ ಪಾಸಾಯಿತು. ಹಾಗಾಗಿ ಬರೆಯುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ವಿಜಯನಗರ, ನಾಗರಭಾವಿ ಕಡೆ ವಿಚಾರಿಸಿದಾಗ ಸ್ಕೂಲ್‌ನವರು ಏಳೆಂಟು ಸಾವಿರ ಹೇಳಿದರು. ದಿನಕ್ಕೆ ಅರ್ಧ ಗಂಟೆ, ಅದರಲ್ಲಿ ಮುಂದಿನವರನ್ನು ಮನೆಯಿಂದ ಹತ್ತಿಸಿಕೊಳ್ಳುವುದಕ್ಕೇ ಕಾಲು ಗಂಟೆ. ಸ್ಕೂಲ್ ಸರ್ಟಿಫಿಕೇಟ್ ಇಲ್ಲದಿದ್ದರೆ ಆರ್‌ಟಿಒದಲ್ಲಿ ನಿಲ್ಲಿಸಿಕೊಳ್ಳಲ್ಲ ಅಂತ ಬೇರೆ ಹೆದರಿಸಿದರು. ಆ ಸರ್ಟಿಫಿಕೇಟ್, ಅಂದರೆ ಫಾರಂ 5, ಬೇಕಾಗುವುದು ಟ್ರಾನ್ಸ್‌ಪೋರ್ಟ್ ಗಾಡಿಗೆ. ಸ್ವಂತ ಕಾರಿನಂಥ ಹಗುರ ವಾಹನಕ್ಕೆ, ಅಂದರೆ ಎಲ್‌ಎಂವಿಗೆ, ಬೇಡ. ಬೇಕಾದದ್ದು ಬೇರೆ: ಪ್ರತಿ ಸಲ ಪಕ್ಕದಲ್ಲಿ ಒಬ್ಬರು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮ ಕೇಳುವುದು ಮೂರನ್ನೇ. ನಿಮ್ಮ ಎಲ್‌ಎಲ್ ಚಾಲ್ತಿಯಲ್ಲಿರಬೇಕು, ಆ ಗಾಡಿ ಓಡಿಸಲು ಡಿಎಲ್ ಇರುವ ಒಬ್ಬರು ಗಾಡಿಯನ್ನು ಹತೋಟಿಗೆ ತರುವ ಅಥವಾ ನಿಲ್ಲಿಸುವ ಹಾಗೆ ಕೂತಿರಬೇಕು, ಹಿಂದೆ ಮುಂದೆ ಎಲ್ ಬೋರ್ಡ್ ಇರಬೇಕು. ಇದರಲ್ಲಿ ನಡುವಿನದೇ ಕಷ್ಟ.

ಮೊದಲು ನಮ್ಮ ಮಾವನವರು ತಯಾರಾದರು. ಅಂಬಾಸಡರ್ ಕಾಲದಿಂದ ಓಡಿಸಿದವರು, ನನಗಿಂತ ಅವರಿಗೇ ಉತ್ಸಾಹ. "ಮಾವ, ಒಂದ್ಸಲ ಡಿಎಲ್ ಕೊಡಿ, ನೋಡ್ತೀನಿ" ಅಂದಾಗ ಸ್ವಲ್ಪ ಬೇಸರ ಮಾಡಿಕೊಂಡರು. ನೋಡಿದರೆ ಅವಧಿ ಮುಗಿದು ವರ್ಷವಾಗಿತ್ತು. ಐವತ್ತೈದು ದಾಟಿದವರಿಗೆ ಐದೈದು ವರ್ಷಕ್ಕಷ್ಟೇ ನವೀಕರಣ, ಹಾಗಾಗಿ ಹಿರಿಯರ ಮನೆಗಳಲ್ಲಿ ಇದು ಸಾಮಾನ್ಯ. ಅವಧಿ ಮುಗಿದ ಡಿಎಲ್ ಇಟ್ಟುಕೊಂಡು ಪಕ್ಕ ಕೂತರೆ ಕಾನೂನಿನ ಕಣ್ಣಿಗೆ ಆ ಸೀಟು ಖಾಲಿ. ನಾದಿನಿಯ ಗಂಡನ ಡಿಎಲ್ ತೆಗೆಸಿದರೆ ಗೇರ್ ಇರುವ ಬೈಕಿನದು ಮಾತ್ರ, ಎಲ್‌ಎಂವಿ ಇಲ್ಲವೇ ಇಲ್ಲ. ಇಷ್ಟು ವರ್ಷ ಕಾರು ಓಡಿಸಿಕೊಂಡು ಬಂದಿದ್ದರು, ಪುಣ್ಯಾತ್ಮರು!

ಕೊನೆಗೆ ಸಿಕ್ಕವರು ಮಹಡಿ ಮನೆಯ ಅಂಕಲ್, ನಿವೃತ್ತ ಬಸ್ ಡ್ರೈವರ್. ಅವರ ಕಾರ್ಡಿನಲ್ಲಿ ಟ್ರಾನ್ಸ್‌ಪೋರ್ಟಿನ ಅವಧಿ ಮುಗಿದಿತ್ತು. ಆದರೆ ಕಾರ್ಡಿನಲ್ಲಿ ಸ್ವಂತ ಗಾಡಿಗೆ ಎನ್‌ಟಿ, ಟ್ರಾನ್ಸ್‌ಪೋರ್ಟಿಗೆ ಟಿಆರ್ ಅಂತ ಎರಡು ದಿನಾಂಕ ಇರುತ್ತವೆ ನೋಡಿ, ಎನ್‌ಟಿ ಇನ್ನೂ ಜೀವಂತವಾಗಿತ್ತು. ಸ್ವಂತ ಕಾರಿಗೆ ಅದು ಸಾಕು. ಅವರ ಜೊತೆ ನಮ್ಮ ಬೀದಿಯವರೇ ಇನ್ನಿಬ್ಬರನ್ನು ಸೇರಿಸಿಕೊಂಡೆ. ಒಬ್ಬರಿಗೆ ಬೆಳಿಗ್ಗೆ ತರಕಾರಿ ಮಂಡಿಗೆ ಹೋಗಬೇಕು, ಇನ್ನೊಬ್ಬರಿಗೆ ಆಫೀಸಿಗೆ. ಅಂದರೆ ಅವರನ್ನು ಕಲಿಸಲು ಕರೆಯಲಿಲ್ಲ, ಅವರು ಹೋಗುವ ಕಡೆಗೆ ನಾನು ಕರೆದುಕೊಂಡು ಹೋದೆ. ನನ್ನ ಉಪಾಯದ ಬುಡವೇ ಇದು. ದಿನಾ ಉಪಕಾರ ಮಾಡಿ ಅಂತ ಯಾರನ್ನೂ ಕೇಳೋಕಾಗಲ್ಲ, ದಿನಾ ಡ್ರಾಪ್ ಕೊಡ್ತೀನಿ ಅಂದರೆ ಅವರೇ ಗೇಟಿನ ಹತ್ತಿರ ಕಾಯುತ್ತಾರೆ. ವಾಪಸ್ ಬರುವಾಗ ಮಾತ್ರ ತಾಪತ್ರಯ, ಏಕೆಂದರೆ ಅವರು ಇಳಿದ ಕೂಡಲೇ ನಾನು ಒಬ್ಬಳೇ. ಅದಕ್ಕೆ ಅಂಕಲ್ ಹಿಂದಿನ ಸೀಟಿನಲ್ಲಿ ಬರುತ್ತಿದ್ದರು, ಅವರು ಇಳಿದ ಮೇಲೆ ಮುಂದೆ ಬಂದು ಕೂರುತ್ತಿದ್ದರು. ಅಂಕಲ್‌ಗೆ ದುಡ್ಡು ಕೊಡಲಿಲ್ಲ. ದುಡ್ಡು ತಗೊಂಡು ಡ್ರೈವಿಂಗ್ ಕಲಿಸುವುದನ್ನು ಕಸುಬು ಮಾಡಿಕೊಂಡರೆ ಅದಕ್ಕೆ ಬೇರೆ ಪರವಾನಗಿ ಬೇಕು. ದಾರಿಯಲ್ಲಿ ಇಡ್ಲಿ ವಡೆ, ಕಾಫಿ. ವಾರಕ್ಕೆ ನಾನ್ನೂರು, ಐನೂರು ಆಗುತ್ತಿತ್ತು. ಯಾವ ದಾರಿ, ಎಷ್ಟು ಗಂಟೆಗೆ ಅಂತ ಮಾತ್ರ ಹೇಳಲ್ಲ. ಹೇಳಿದರೆ ನಾಳೆಯಿಂದ ಅಲ್ಲಿ ಬರೀ ಎಲ್ ಬೋರ್ಡುಗಳೇ.

"ನಿಲ್ಲಿಸುವ ಹಾಗೆ ಕೂತಿರಬೇಕು" ಅನ್ನುವುದನ್ನು ನಾನು ಗಂಭೀರವಾಗಿ ತಗೊಂಡೆ. ಸ್ಕೂಲ್ ಕಾರುಗಳಲ್ಲಿ ಎಡಗಡೆಯವರ ಕಾಲಿಗೂ ಬ್ರೇಕು, ಕ್ಲಚ್ಚು ಇರುತ್ತದೆ. ನಮ್ಮ ಕಾರಿನಲ್ಲಿ ಇರುವುದು ಹ್ಯಾಂಡ್‌ಬ್ರೇಕ್ ಒಂದೇ. ಜೆ.ಸಿ. ರಸ್ತೆಯಲ್ಲಿ ಜೋಡಿ ಪೆಡಲ್ ಹಾಕಿಕೊಡ್ತೀವಿ ಅಂತ ಒಬ್ಬರು ಮೂರೂವರೆ ಸಾವಿರದ ಆಸುಪಾಸು ಕೇಳಿದರು. ಕೆಳಗೆ ತೂತು ಕೊರೆದು ರಾಡ್ ಎಳೆಯುವ ಕೆಲಸ. ನಾಳೆ ಏನಾದರೂ ಆದರೆ ವಿಮೆಯವರು ಮೊದಲು ಅದನ್ನೇ ತೋರಿಸುತ್ತಾರೆ ಅನ್ನಿಸಿ ಬಿಟ್ಟೆ. ತಮ್ಮನ ಹೊಸ ಗಾಡಿಯಲ್ಲಿ ಹ್ಯಾಂಡ್‌ಬ್ರೇಕ್ ಲಿವರ್ ಇಲ್ಲ, ಬರೀ ಗುಂಡಿ. ಅದರಲ್ಲಿ ಇಷ್ಟಿಷ್ಟೇ ಹಿಡಿಯೋಕಾಗಲ್ಲ ಅಂತ ಅಂಕಲ್ ಬೇಡವೇ ಬೇಡ ಅಂದರು. ಹಾಗಾಗಿ ನಮ್ಮ ಹಳೇ ಸಣ್ಣ ಕಾರೇ ಗಟ್ಟಿಯಾಯಿತು, ನಡುವೆ ಲಿವರ್ ಇರುವುದು.

ರಸ್ತೆಗೆ ಇಳಿಯುವ ಮೊದಲು ಒಂದು ಭಾನುವಾರ ಪೂರ್ತಿ ಅಂಕಲ್ ಲಿವರ್ ಎಳೆಯುವುದನ್ನೇ ಅಭ್ಯಾಸ ಮಾಡಿದರು. ಕಲಿಯುವವಳು ನಾನು, ಅಭ್ಯಾಸ ಅವರದು! ಲಿವರಿನ ತುದಿಯ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಎಳೆಯಬೇಕು, ಆಗ ಹಲ್ಲಿಗೆ ಸಿಕ್ಕಿಕೊಳ್ಳುವುದಿಲ್ಲ, ಬೇಕಾದಷ್ಟು ಹಿಡಿದು ಬಿಡಬಹುದು. ಗುಂಡಿ ಒತ್ತದೆ ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಕಚ್ಚಿ ಕಾರಿನ ಹಿಂಭಾಗ ಜಾರುತ್ತದೆ. ಮಣ್ಣಿನ ಮೈದಾನದಲ್ಲಿ ಇಪ್ಪತ್ತರ ವೇಗದಲ್ಲೇ ಅದು ಗೊತ್ತಾಯಿತು. ಹ್ಯಾಂಡ್‌ಬ್ರೇಕಿನಿಂದ ನಿಲ್ಲಲು ಕಾಲಿನ ಬ್ರೇಕಿಗಿಂತ ತುಂಬಾ ಹೆಚ್ಚು ಜಾಗ ಬೇಕು. ಹಾಗಾಗಿ ಮೊದಲ ತಿಂಗಳು ಮೂವತ್ತು ದಾಟಬಾರದು ಅಂತ ಅಂಕಲ್ ಕಟ್ಟು ಹಾಕಿದರು. ಪಕ್ಕ ಕೂರುವ ಬೀದಿಯವರಲ್ಲಿ ಒಬ್ಬರು "ಅಪಾಯ ಆದರೆ ಕೀ ತಿರುಗಿಸಿಬಿಡ್ತೀನಿ" ಅಂದಿದ್ದರು. ಇಂಜಿನ್ ಆಫ್ ಆದರೆ ಸ್ಟೇರಿಂಗ್ ಭಾರವಾಗುತ್ತೆ, ಬ್ರೇಕ್ ಗಟ್ಟಿಯಾಗುತ್ತೆ, ಕೀ ಹೊರಗೇ ಬಂದರೆ ಸ್ಟೇರಿಂಗ್ ಲಾಕ್ ಬೀಳುತ್ತೆ ಅಂತ ಅಂಕಲ್ ಬೈದು ಬುದ್ಧಿ ಹೇಳಿದರು. ಅಲ್ಲಿಗೆ ಆ ಮಾತು ಮುಗಿಯಿತು.

ಅಂದ ಹಾಗೆ, ಮೈದಾನದಲ್ಲಿ ಎಲ್‌ಎಲ್ ಬೇಡ ಅನ್ನುವವರಿದ್ದಾರೆ. ಸಾರ್ವಜನಿಕರಿಗೆ ಹೋಗಿ ಬರುವ ಹಕ್ಕಿರುವ ಜಾಗವೆಲ್ಲ ಮೋಟಾರು ವಾಹನ ಕಾಯ್ದೆಯಲ್ಲಿ ಸಾರ್ವಜನಿಕ ಸ್ಥಳವೇ. ಪಾಲಿಕೆ ಮೈದಾನವೂ ಅದರಲ್ಲಿ ಬಂತು.

ಬೋರ್ಡಿನ ವಿಷಯದಲ್ಲಿ ನನ್ನಷ್ಟು ದುಡ್ಡು ಹಾಳು ಮಾಡಿದವರು ಯಾರೂ ಇಲ್ಲವೇನೋ. ಅಳತೆ ನಿಯಮದಲ್ಲೇ ಇದೆ. ಬಿಳಿ ಚೌಕ 18 ಸೆಂಟಿಮೀಟರಿಗೆ ಕಡಿಮೆ ಇರಬಾರದು, ಕೆಂಪು ಎಲ್ 10 ಎತ್ತರ, ತಳದಲ್ಲಿ 9 ಅಗಲ, ಗೆರೆಯ ದಪ್ಪ 2. ಅಂಗಡಿಯಲ್ಲಿ ಮೂವತ್ತು ರೂಪಾಯಿಗೆ ತಂದ ಸ್ಟಿಕರ್‌ಗೆ ಸ್ಕೇಲ್ ಇಟ್ಟರೆ ಅಂಗೈಯಷ್ಟೂ ಇರಲಿಲ್ಲ. ಆಮೇಲೆ ಆನ್‌ಲೈನ್‌ನಲ್ಲಿ ಮ್ಯಾಗ್ನೆಟ್ ಜೋಡಿ ತರಿಸಿದೆ, ಮುನ್ನೂರು ಚಿಲ್ಲರೆ. ಬಂಪರ್ ಪ್ಲಾಸ್ಟಿಕ್, ಹಿಡಿಯಲೇ ಇಲ್ಲ. ಬಾನೆಟ್ ಮೇಲೆ ಅಂಟಿಸಿದರೆ ಮಲಗಿದ ಹಾಗೆ ಕಾಣುತ್ತೆ, ಎದುರಿನವರಿಗೆ ಕಾಣಲ್ಲ, ಜೊತೆಗೆ ಅಡಿಯಲ್ಲಿ ಧೂಳು ಸೇರಿ ಪೇಂಟ್ ಗೀರಿತು. ಒಂದು ಮಳೆಯಲ್ಲಿ ಹಿಂದಿನದು ಎಲ್ಲೋ ಬಿದ್ದೇ ಹೋಯಿತು. ಹಿಂದಿನ ಗಾಜಿನ ಒಳಗೆ ಕಾಗದ ಅಂಟಿಸಿ ನೋಡಿದೆ, ಬಿಸಿಲಿಗೆ ಬರೀ ಗಾಜಿನ ಹೊಳಪೇ ಕಾಣುತ್ತಿತ್ತು. ಕೊನೆಗೆ ಫ್ಲೆಕ್ಸ್ ಅಂಗಡಿಯಲ್ಲಿ ಸನ್‌ಬೋರ್ಡ್ ಮೇಲೆ 20 ಸೆಂಟಿಮೀಟರಿನ ಎರಡು ಚೌಕ ಮಾಡಿಸಿದೆ, ಇನ್ನೂರೈವತ್ತೋ ಏನೋ ಆಯಿತು. ಮುಂದಿನದನ್ನು ಗ್ರಿಲ್ಲಿಗೆ ಪ್ಲಾಸ್ಟಿಕ್ ಟೈ ಹಾಕಿ ಕಟ್ಟಿದೆ, ನಂಬರ್ ಪ್ಲೇಟ್ ಮುಚ್ಚದ ಹಾಗೆ. ಹಿಂದಿನದು ಅಲ್ಲಾಡದೆ ನಿಲ್ಲೋಕೆ ಒಂದು ಉಪಾಯ ಮಾಡಿದ್ದೇನೆ, ಬೇಕಾದವರು ಬಂದು ನೋಡಿ.

ಒಂದು ಸಲ ಮಾಗಡಿ ರಸ್ತೆಯಲ್ಲಿ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಾಕಿದರು. "ಎಲ್‌ಎಲ್ ತೋರ್ಸಿ ಮೇಡಂ. ಪಕ್ಕದೋರ್ದು ಡಿಎಲ್?" ನನ್ನದು ಡಿಜಿಲಾಕರ್‌ನಲ್ಲಿ, ಅಂಕಲ್‌ದು ಜೇಬಿನಲ್ಲಿ. ಕಾರಿನ ಸುತ್ತ ಒಂದು ಸುತ್ತು ಬಂದು, "ಇಷ್ಟ್ ದೊಡ್ಡ್ ಎಲ್ ಎಲ್ಲಿ ಮಾಡಿಸಿದ್ರಿ?" ಅಂತ ನಕ್ಕು ಬಿಟ್ಟರು. ಪಕ್ಕದವರು ಡಿಎಲ್ ಮನೆಯಲ್ಲಿ ಬಿಟ್ಟು ಬಂದಿದ್ದರೆ ಅಲ್ಲೇ ಕೂರಬೇಕಿತ್ತು.

ಒಬ್ಬಳೇ ಓಡಿಸುವ ಆಸೆ ಬರಲಿಲ್ಲವಾ ಅಂದರೆ, ಬಂತು. ಬಂದದ್ದು ದೊಡ್ಡ ರಸ್ತೆಯಲ್ಲಲ್ಲ, ಮನೆ ಮುಂದೆ. ಎದುರು ಮನೆಯವರು "ಕಾರು ಸ್ವಲ್ಪ ಮುಂದೆ ಹಾಕಿ" ಅಂದಾಗ, ಹಾಲಿನ ಬೂತಿಗೆ ಹೋಗಬೇಕಾದಾಗ. ನಿಯಮದಲ್ಲಿ ಹತ್ತು ಅಡಿಗೆ ವಿನಾಯಿತಿ ಅಂತೇನೂ ಇಲ್ಲ. ಪಕ್ಕದ ಸೀಟು ಖಾಲಿ ಇದ್ದರೆ ಎಲ್‌ಎಲ್ ಇದ್ದೂ ಲೈಸೆನ್ಸ್ ಇಲ್ಲದೆ ಓಡಿಸಿದ ಲೆಕ್ಕ. ಕಾಯ್ದೆಯ 181ನೇ ಸೆಕ್ಷನ್‌ನಲ್ಲಿ 2019ರ ತಿದ್ದುಪಡಿಯ ನಂತರ ದಂಡ 5,000 ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಗಾಡಿ ಕೊಟ್ಟವರಿಗೂ 180ರಲ್ಲಿ ಬೇರೆ ಇದೆ.

ನನಗೆ ದಂಡಕ್ಕಿಂತ ಹೆದರಿಕೆ ಆದದ್ದು ವಿಮೆಯದು. ನಮ್ಮ ಹಿಂದಿನ ಬೀದಿಯ ಹುಡುಗ ಎಲ್‌ಎಲ್ ಇಟ್ಟುಕೊಂಡು, ಬೋರ್ಡೂ ಹಾಕಿಕೊಂಡು, ಒಬ್ಬನೇ ತಿರುವಿನವರೆಗೆ ಹೋದ. ಆಟೋಗೆ ತಾಗಿಸಿ ಕಂಬಕ್ಕೆ ಹೊಡೆದ. ಗ್ಯಾರೇಜಿನ ಬಿಲ್ಲು ನಲವತ್ತು ಸಾವಿರದ ಹತ್ತಿರ. ಸರ್ವೇಯರ್ ಕೇಳಿದ ಮೊದಲ ಪ್ರಶ್ನೆ, "ಪಕ್ಕದಲ್ಲಿ ಯಾರಿದ್ದರು?" ಪಾಲಿಸಿಯ ಚಾಲಕರ ಷರತ್ತು ತೆಗೆದು ಓದಿ ನೋಡಿ, ಎಲ್‌ಎಲ್‌ನವರು ಓಡಿಸಬಹುದು, ಆದರೆ 3ನೇ ನಿಯಮ ಪಾಲಿಸಿರಬೇಕು ಅಂತ ಬರೆದಿರುತ್ತದೆ. ಅವರ ಕಾರಿನ ಕ್ಲೇಮ್ ಅಲ್ಲಿಗೇ ನಿಂತಿತು. ಕೆಲವು ಪಾಲಿಸಿಗಳ ಅದೇ ಷರತ್ತಿನಲ್ಲಿ, ಅಪಘಾತದ ಹೊತ್ತಿಗೆ ಗಾಡಿ ಪ್ರಯಾಣಿಕರನ್ನು ಸಾಗಿಸುತ್ತಿರಬಾರದು ಅಂತಲೂ ಇರುತ್ತದೆ. ಅದು ಮುಖ್ಯವಾಗಿ ಬಾಡಿಗೆ ಗಾಡಿಗಿರಬಹುದು, ಆದರೂ ಆಮೇಲೆ ವಾದ ಮಾಡುವವರು ಯಾರು? ಮಕ್ಕಳನ್ನು ನಾನು ಹತ್ತಿಸಲೇ ಇಲ್ಲ. ಹಿಂದೆ ಕೂತವರು ಅಂಕಲ್ ಒಬ್ಬರೇ, ಅವರ ಡಿಎಲ್ ಸಮೇತ.

ನಡುವೆ ಮಗಳ ಸ್ಕೂಟರ್ ಮೇಲೂ ಒಂದು ಪ್ರಯೋಗ ನಡೆಯಿತು. ಅವಳಿಗೂ ಎಲ್‌ಎಲ್ ಆಗಿತ್ತು, ಅದೇ ನಿಯಮ ಬೈಕು ಸ್ಕೂಟರಿಗೂ ಇದೆ. ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ, ಗೆಳತಿಗೆ ಲಿಫ್ಟ್ ಕೊಡುವಂತಿಲ್ಲ. ಸರಿ, ಹಿಂದೆ ಕೂತವರು ನಿಲ್ಲಿಸುವುದು ಹೇಗೆ? ನಮ್ಮ ಯಜಮಾನರು ಕೂತು ಎರಡು ಕೈ ಮುಂದೆ ಚಾಚಿ ನೋಡಿದರು. ಬ್ರೇಕ್ ಲಿವರಿಗೆ ಬೆರಳ ತುದಿ ಮುಟ್ಟಿತು, ಆದರೆ ಮಗಳ ಮೊಣಕೈ ಸಿಕ್ಕಿಕೊಂಡು ಹ್ಯಾಂಡಲ್ ತಿರುಗಲಿಲ್ಲ. ಸಂಬಂಧಿಕರೊಬ್ಬರ ಕಾಂಪೌಂಡಿನೊಳಗೆ, ಗೇಟ್ ಹಾಕಿಕೊಂಡು, ಇವರು ಪಕ್ಕದಲ್ಲಿ ಓಡುತ್ತಾ ಕಲಿಸಿದರು. ಇವರ ಹೊಟ್ಟೆ ಒಂದಿಂಚು ಇಳಿಯಿತು.

ಎಲ್‌ಎಲ್ ಆಗಿ ಮೂವತ್ತು ದಿನ ಕಳೆಯದೆ ಟೆಸ್ಟಿಗೆ ನಿಲ್ಲುವಂತಿಲ್ಲ. ನಾನು ನಾಲ್ಕು ತಿಂಗಳು ದಾಟಿದ ಮೇಲೆ ಸ್ಲಾಟ್ ಹಾಕಿದೆ. ಪಾಸಾಯಿತು ಅಂದ ತಕ್ಷಣ ಬೋರ್ಡ್ ಕಿತ್ತು ಒಬ್ಬರೇ ಹೊರಡುವವರನ್ನು ಅವತ್ತೇ ಅಲ್ಲಿ ನೋಡಿದೆ. ಡಿಎಲ್ ಮಂಜೂರಾಗುವ ತನಕ ಕೈಯಲ್ಲಿರುವುದು ಎಲ್‌ಎಲ್ಲೇ. ಅಂಕಲ್ಲನ್ನು ಪಕ್ಕದಲ್ಲಿ ಕೂರಿಸಿಕೊಂಡೇ ವಾಪಸ್ ಬಂದೆ, ಆನ್‌ಲೈನ್‌ನಲ್ಲಿ ಡಿಎಲ್ ನಂಬರ್ ಕಾಣಿಸುವವರೆಗೆ ಮತ್ತೆ ಕಾರು ಮುಟ್ಟಲಿಲ್ಲ.

ಖರ್ಚು ಕೂಡಿಸಿದರೆ ಸರ್ಕಾರಿ ಶುಲ್ಕ ಸಾವಿರದೊಳಗೆ, ಬೋರ್ಡುಗಳ ಅವಾಂತರ ಆರೇಳು ನೂರು, ಪೇಂಟ್ ಪಾಲಿಶ್ ಎಂಟುನೂರು, ಇಡ್ಲಿ ವಡೆ ಕಾಫಿ ಸುಮಾರು ಎಂಟು ಸಾವಿರ. ಸ್ಕೂಲಿಗಿಂತ ಹೆಚ್ಚೇ ಆಯಿತು ಅಂತ ಯಜಮಾನರು ಛೇಡಿಸುತ್ತಾರೆ. ಸ್ಕೂಲಿನವರು ಕೊಡುವ ಗಂಟೆಗಳು ಎಷ್ಟು, ನಾನು ಸ್ಟೇರಿಂಗ್ ಹಿಡಿದ ಗಂಟೆಗಳು ಎಷ್ಟು ಅಂತ ಲೆಕ್ಕ ಹಾಕಿ ಅಂದರೆ ಸುಮ್ಮನಾಗುತ್ತಾರೆ. ಸನ್‌ಬೋರ್ಡ್ ಜೋಡಿ ಈಗ ಬೀದಿಯ ಆಸ್ತಿ. ಇನ್ನೂರು ರೂಪಾಯಿ ಠೇವಣಿ ಇಟ್ಟು ತಗೊಂಡು ಹೋಗಬಹುದು, ಪಕ್ಕದಲ್ಲಿ ಕೂರುವವರ ಡಿಎಲ್ ತೋರಿಸಿದರೆ ಮಾತ್ರ.