ಫ್ಯೂಮ್ ಕಬೋರ್ಡ್ ಖಾಲಿ ಮಾಡಿದೆ, ಆ ಬಾಟಲಿಗಳು ಎಲ್ಲಿಗೆ ಹೋದವು?

ಫ್ಯೂಮ್ ಕಬೋರ್ಡ್ ಒಳಗೆ ಏನನ್ನೂ ಕಾಯಂ ಆಗಿ ಇಡಬೇಡಿ. ಲ್ಯಾಬ್ ನೋಡಿಕೊಳ್ಳುವ ಶಿಕ್ಷಕರಿಗೆ ಅಂತ ನಾನು ಮಾಡಿಟ್ಟಿರುವ ಪಟ್ಟಿಯ ಮೊದಲ ಸಾಲು ಇದು. ಪ್ರಯೋಗದ ಹೊಗೆಯನ್ನು ಫ್ಯಾನ್‌ನಿಂದ ಹೊರಗೆ ಎಳೆದು ಹಾಕಲು ಇರುವ ಪೆಟ್ಟಿಗೆ ಅದು. ಎಷ್ಟೋ ಕಡೆ ನಡೆಯುವುದು ಇದರ ಉಲ್ಟಾ. ವಾಸನೆ ಬರುವ ಬಾಟಲಿಗಳನ್ನೆಲ್ಲ ಅದರೊಳಗೆ ತುಂಬಿ ಗಾಜಿನ ಬಾಗಿಲು ಇಳಿಸುತ್ತಾರೆ, ಹೊಗೆ ಬರುವ ಪ್ರಯೋಗವನ್ನು ಹೊರಗಿನ ಮೇಜಿನ ಮೇಲೆ ಮಾಡುತ್ತಾರೆ. ನನ್ನ ಕೈಗೆ ಬಂದ ಲ್ಯಾಬ್ ಕೂಡ ಹಾಗೇ ಇತ್ತು.

ಒಳಗಿದ್ದದ್ದು ಗಾಢ ಹೈಡ್ರೋಕ್ಲೋರಿಕ್ ಆಮ್ಲ, ಅದರ ಪಕ್ಕದಲ್ಲೇ ಅಮೋನಿಯಾ ದ್ರಾವಣ, ಹಿಂದೆ ನೈಟ್ರಿಕ್ ಆಮ್ಲ, ಗ್ಲೇಶಿಯಲ್ ಅಸಿಟಿಕ್ ಆಮ್ಲ, ಮೂಲೆಯಲ್ಲಿ ಅಸಿಟೋನ್. ಬಾಟಲಿಗಳ ಕುತ್ತಿಗೆ ಮೇಲೆ, ಗಾಜಿನ ಒಳಮೈ ಮೇಲೆ ತೆಳ್ಳಗೆ ಬಿಳಿ ಪುಡಿ ಕೂತಿತ್ತು. ನೋಡಿದರೆ ಧೂಳು ಅನ್ನಿಸುತ್ತದೆ, ಆದರೆ ಅದು ಅಮೋನಿಯಂ ಕ್ಲೋರೈಡ್. ಮುಚ್ಚಳ ಬಿಗಿಯಾಗಿದ್ದರೂ ಎರಡೂ ಬಾಟಲಿಗಳಿಂದ ಅಷ್ಟಷ್ಟು ಅನಿಲ ಸೋರುತ್ತಲೇ ಇರುತ್ತದೆ, ಗಾಳಿಯಲ್ಲಿ ಸೇರಿಕೊಂಡು ಪುಡಿಯಾಗಿ ಕೂರುತ್ತದೆ. ನಿಮ್ಮ ಲ್ಯಾಬಿನಲ್ಲಿ ಈ ಪುಡಿ ಕಂಡರೆ ಆಮ್ಲ ಮತ್ತು ಅಮೋನಿಯಾ ತೀರಾ ಹತ್ತಿರ ಇವೆ ಅಂತಲೇ ಅರ್ಥ. ಇನ್ನೊಂದು ವಿಷಯ, ಶಾಲೆ ಮುಗಿದ ಮೇಲೆ ಫ್ಯಾನ್ ಆಫ್ ಆಗುತ್ತದೆ ಅಲ್ವಾ? ಆಮೇಲೆ ಅದು ಬರೀ ಒಂದು ಮುಚ್ಚಿದ ಪೆಟ್ಟಿಗೆ. ಸೋರಿದ್ದೆಲ್ಲ ರಾತ್ರಿಯಿಡೀ ಒಳಗೇ ನಿಂತು ತಿರುಪು, ಕೀಲುಗಳನ್ನು ತಿನ್ನುತ್ತದೆ, ಬೆಳಿಗ್ಗೆ ಬಾಗಿಲು ಎತ್ತಿದವರ ಮುಖಕ್ಕೆ ಬರುತ್ತದೆ.

ಖಾಲಿ ಮಾಡುವ ಮೊದಲು ಒಂದು ಪರೀಕ್ಷೆ ಮಾಡಿದೆ. ಟಿಶ್ಯೂ ಕಾಗದದ ಒಂದು ತೆಳು ಪಟ್ಟಿ ಕತ್ತರಿಸಿ, ಗಾಜಿನ ಬಾಗಿಲಿನ ಕೆಳ ಅಂಚಿಗೆ ಟೇಪ್ ಹಾಕಿ ನೇತು ಬಿಟ್ಟು ಫ್ಯಾನ್ ಹಾಕಿದೆ. ಪಟ್ಟಿ ಒಳಗಡೆಗೆ ವಾಲಬೇಕು, ವಾಲಿದ್ದು ಹಾಗೇ ನಿಲ್ಲಬೇಕು. ಅದು ಒಂದು ಕ್ಷಣ ಒಳಗೆ, ಒಂದು ಕ್ಷಣ ಹೊರಗೆ ಅಂತ ಪಟಪಟ ಅಂದಿತು. ಬಾಟಲಿಗಳನ್ನೆಲ್ಲ ತೆಗೆದ ಮೇಲೆ ಎಷ್ಟೋ ಸರಿಹೋಯಿತು. ಯಾಕೆ ಅಂದರೆ ಹಿಂಬದಿಯ ಗೋಡೆಯಲ್ಲಿ, ಕೆಳಗಡೆ, ಅಡ್ಡಕ್ಕೆ ಒಂದು ಸೀಳು ಇರುತ್ತದೆ, ಒಳಗೆ ಬಂದ ಗಾಳಿಯ ಒಂದು ದೊಡ್ಡ ಪಾಲು ಅಲ್ಲಿಂದಲೇ ಹೋಗಬೇಕು. ಅದಕ್ಕೆ ಅಡ್ಡ ಬಾಟಲಿ ಸಾಲು ನಿಂತರೆ ಗಾಳಿ ಸುಳಿ ತಿರುಗಿ ಮುಂದಕ್ಕೇ ವಾಪಸ್ ಬರುತ್ತದೆ. ಆಮೇಲೂ ಸ್ವಲ್ಪ ನಡುಕ ಉಳಿದಿತ್ತು. ಸೀಲಿಂಗ್ ಫ್ಯಾನ್ ಆಫ್ ಮಾಡಿ, ಎದುರಿನ ಕಿಟಕಿ ಮುಚ್ಚಿದ ಮೇಲೆ ನಿಂತಿತು. ಈಗ ಕಬೋರ್ಡ್ ಬಳಸುವ ಪ್ರತಿ ಸಲ ಮೊದಲು ಸೀಲಿಂಗ್ ಫ್ಯಾನ್ ಆಫ್, ಆಮೇಲೆ ಟಿಶ್ಯೂ ಪಟ್ಟಿ.

ಈ ಪಟ್ಟಿ ಹೇಳುವುದು ಗಾಳಿ ಒಳಗೆ ಹೋಗುತ್ತಿದೆ ಅನ್ನುವುದನ್ನು ಮಾತ್ರ. ಎಷ್ಟು ವೇಗ ಅಂತ ತಿಳಿಯಲು ಅನಿಮೋಮೀಟರ್ ಬೇಕು. ವರ್ಷಕ್ಕೊಮ್ಮೆ ಗೊತ್ತಿದ್ದವರನ್ನು ಕರೆಸಿ, ಕಬೋರ್ಡಿನ ಬಾಯಿಯ ಒಂಬತ್ತು ಜಾಗಗಳಲ್ಲಿ ಅಳೆಸುತ್ತೇನೆ. ಸೆಕೆಂಡಿಗೆ 0.3 ರಿಂದ 0.5 ಮೀಟರ್ ಇದ್ದರೆ ಶಾಲೆಯ ಕೆಲಸಕ್ಕೆ ಸಾಕು. ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು ಅಂತೇನಿಲ್ಲ, ವೇಗ ತೀರಾ ಹೆಚ್ಚಾದರೆ ಮುಂದೆ ನಿಂತವರ ಮೈ ಸುತ್ತಲೇ ಸುಳಿ ಏಳುತ್ತದೆ. ಒಳಗಿನ ನೆಲದ ಮೇಲೆ ಅಂಚಿನಿಂದ 15 ಸೆಂ.ಮೀ. ದೂರಕ್ಕೆ ಹಳದಿ ಟೇಪ್ ಅಂಟಿಸಿದ್ದೇನೆ. ಬೀಕರ್ ಅದರ ಆಚೆಗೇ ಇರಬೇಕು, ಈಚೆಗೆ ಬಂದರೆ ಹೊಗೆ ಹೊರಗೆ ಬರುವ ಸಾಧ್ಯತೆ ಜಾಸ್ತಿ. ತಲೆಯನ್ನು ಒಳಗೆ ಹಾಕಿ ಇಣುಕುವುದಂತೂ ಬೇಡವೇ ಬೇಡ.

ಸರಿ, ತೆಗೆದ ಬಾಟಲಿಗಳು? ಮೊದಲು ನೈಟ್ರಿಕ್ ಆಮ್ಲಕ್ಕೆ ಒಂದು ಟ್ರೇ ಕೊಟ್ಟೆ, ಬೇರೆ ಯಾವುದೂ ಅದರ ಜೊತೆ ಇಲ್ಲ. ಅದು ಆಮ್ಲ ಮಾತ್ರ ಅಲ್ಲ, ಜೋರಾದ ಉತ್ಕರ್ಷಣಕಾರಿ. ಅಸಿಟೋನ್, ಆಲ್ಕೋಹಾಲ್ ತರದವುಗಳ ಮೇಲೆ ಬಿದ್ದರೆ ಬೆಂಕಿ, ಸಿಡಿತ ಎರಡೂ ಆಗಬಹುದು. ತುಂಬಾ ಜನ ಎಡವುವುದು ಗ್ಲೇಶಿಯಲ್ ಅಸಿಟಿಕ್ ಆಮ್ಲದ ವಿಷಯದಲ್ಲಿ. ಹೆಸರಲ್ಲಿ ಆಮ್ಲ ಇದೆ ಅಂತ ಸೀದಾ ನೈಟ್ರಿಕ್ ಪಕ್ಕಕ್ಕೆ ಇಡುತ್ತಾರೆ. ಆದರೆ ಕಿಡಿ ತಗುಲಿದರೆ ಅದರ ಆವಿ ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗೇ ಬೆಂಕಿ ಹಿಡಿಯುತ್ತದೆ. ನಾನು ಅದನ್ನು ಅಸಿಟೋನ್, ಆಲ್ಕೋಹಾಲ್ ಇರುವ ಲೋಹದ ಕಪಾಟಿನಲ್ಲಿ, ಅದರದೇ ಬೇರೆ ಟ್ರೇಯಲ್ಲಿ ಇಟ್ಟಿದ್ದೇನೆ. ಹೈಡ್ರೋಕ್ಲೋರಿಕ್ ಮತ್ತು ಸಲ್ಫ್ಯೂರಿಕ್ ಒಂದೇ ಕಪಾಟು, ಆದರೆ ಟ್ರೇ ಬೇರೆ ಬೇರೆ. ಅಮೋನಿಯಾ ಕೋಣೆಯ ಇನ್ನೊಂದು ಬದಿಗೆ ಹೋಯಿತು, ಬಿಸಿಲು ಬೀಳದ ಜಾಗಕ್ಕೆ. ಸೆಖೆಯಲ್ಲಿ ಆ ಬಾಟಲಿಯೊಳಗೆ ಒತ್ತಡ ಕಟ್ಟುತ್ತದೆ, ಹಾಗಾಗಿ ಅದರ ಮುಚ್ಚಳ ತೆಗೆಯುವುದು ಫ್ಯೂಮ್ ಕಬೋರ್ಡ್ ಒಳಗೇ, ಕನ್ನಡಕ ಹಾಕಿಕೊಂಡೇ. ಟ್ರೇ ಪ್ಲಾಸ್ಟಿಕ್ಕಿನದು, ಒಳಗಿರುವ ಅತಿ ದೊಡ್ಡ ಬಾಟಲಿ ಒಡೆದರೂ ಪೂರ್ತಿ ಹಿಡಿಯುವಷ್ಟು ಆಳ ಇರಬೇಕು. ದ್ರವಗಳೆಲ್ಲ ಕೆಳಗಿನ ಅರೆಗಳಲ್ಲಿ, ಕಣ್ಣಿನ ಮಟ್ಟಕ್ಕಿಂತ ಮೇಲೆ ಒಂದೂ ಇಲ್ಲ. ಅಕ್ಷರಮಾಲೆ ಪ್ರಕಾರ ಜೋಡಿಸುವುದನ್ನು ಬಿಟ್ಟೆ. ಹುಡುಕಲು ಸುಲಭ ನಿಜ, ಆದರೆ ಹಾಗೆ ಜೋಡಿಸಿದರೆ ಅಸಿಟಿಕ್, ಅಸಿಟೋನ್, ಅಮೋನಿಯಾ ಒಂದೇ ಸಾಲಿಗೆ ಬರುತ್ತವೆ. ಹುಡುಕಲು ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿದರೆ ಆಯಿತು.

ಈಗ ಖಾಲಿ ಕಬೋರ್ಡಿನಲ್ಲಿ ತಾಮ್ರ ಮತ್ತು ಗಾಢ ನೈಟ್ರಿಕ್ ಆಮ್ಲದ ಪ್ರಯೋಗವನ್ನು ಮಕ್ಕಳಿಗೆ ತೋರಿಸುತ್ತೇನೆ. ಮಾಡುವುದು ನಾನೇ, ಮಕ್ಕಳು ನೋಡುತ್ತಾರೆ ಅಷ್ಟೇ. ಎಷ್ಟು ತಾಮ್ರ ಹಾಕಬೇಕು ಅಂತ ಲೆಕ್ಕ ಹಾಕಿಯೇ ಶುರು ಮಾಡುತ್ತೇನೆ. 1 ಗ್ರಾಂ ತಾಮ್ರಕ್ಕೆ ಮುಕ್ಕಾಲು ಲೀಟರಿನಷ್ಟು ನೈಟ್ರೋಜನ್ ಡೈಆಕ್ಸೈಡ್ ಬರುತ್ತದೆ. ಸುಮ್ನೆ ಒಂದು ಹಿಡಿ ತಂತಿ ಹಾಕಿದರೆ ಎಷ್ಟಾಗುತ್ತದೆ ಯೋಚಿಸಿ. ನಾನು ಹಾಕುವುದು ಕಾಲು ಗ್ರಾಂ ತಂತಿ, 4 ಮಿ.ಲೀ. ಆಮ್ಲ. ಬರುವ ಅನಿಲ ಸುಮಾರು 200 ಮಿ.ಲೀ. ಹಿಂದಿನ ಬೆಂಚಿನವರಿಗೂ ಕಂದು ಬಣ್ಣ ಚೆನ್ನಾಗಿ ಕಾಣಲು ಅಷ್ಟೇ ಸಾಕು. ಆಮ್ಲ ಹಾಕಿದ ತಕ್ಷಣ ಗಾಜನ್ನು ಇಳಿಸುತ್ತೇನೆ, ಪೂರ್ತಿ ಮುಚ್ಚುವುದಿಲ್ಲ, ಗಾಳಿ ಹೋಗಲು ಕೆಳಗೆ ಸ್ವಲ್ಪ ಸಂದು ಬಿಡುತ್ತೇನೆ. ಕಂದು ಹೊಗೆ ಹಿಂದಿನ ಸೀಳಿನ ಕಡೆಗೆ ಹರಿದು ಹೋಗುವುದು ಕಣ್ಣಿಗೇ ಕಾಣುತ್ತದೆ. ಅದು ಮುಂದಕ್ಕೆ ಉರುಳಿದರೆ ಗಾಜು ಪೂರ್ತಿ ಇಳಿಸಿ, ಫ್ಯಾನ್ ಹಾಗೇ ಬಿಟ್ಟು, ಮಕ್ಕಳನ್ನು ಹೊರಗೆ ಕಳಿಸಬೇಕು.

ಈ ಅನಿಲದ ಬಗ್ಗೆ ಒಂದು ಮಾತು ಪ್ರತಿಯೊಬ್ಬ ಶಿಕ್ಷಕರಿಗೂ ಗೊತ್ತಿರಲೇಬೇಕು. ಉಸಿರಿಗೆ ಹೋದಾಗ ಬರೀ ಕೆಮ್ಮು ಬಂದು ನಿಂತಂತೆ ಕಾಣಬಹುದು. ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟಕ್ಕೆ ಕಷ್ಟ ಆಗುವುದು ಎಷ್ಟೋ ಗಂಟೆ ಬಿಟ್ಟು, ಮಗು ಮನೆಗೆ ಹೋದ ಮೇಲೆ. "ಈಗ ಸರಿಯಾಗಿದ್ದೀನಿ ಸರ್" ಅಂದರೂ ಬಿಡಬೇಡಿ. ಯಾವ ಅನಿಲ ಅಂತ ಚೀಟಿಯಲ್ಲಿ ಬರೆದು, ಡಾಕ್ಟರ್ ಹತ್ತಿರ ಕಳಿಸಿ, ಮನೆಯವರಿಗೂ ಹೇಳಿ.

ಪ್ರಯೋಗ ಮುಗಿದ ಮೇಲೆ ಬೀಕರಿನಲ್ಲಿ ಉಳಿದದ್ದನ್ನು ಕಬೋರ್ಡ್ ಒಳಗೇ ಬೇಕಾದಷ್ಟು ತಣ್ಣೀರಿಗೆ ನಿಧಾನಕ್ಕೆ ಸುರಿಯುತ್ತೇನೆ. ಕ್ರಿಯೆ ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ನೊರೆ ನಿಲ್ಲುವವರೆಗೆ ಸ್ವಲ್ಪ ಸ್ವಲ್ಪವೇ ಸೋಡಿಯಂ ಕಾರ್ಬೊನೇಟ್ ಹಾಕಿ, ತಾಮ್ರದ ತ್ಯಾಜ್ಯ ಅಂತ ಬರೆದ ಬಾಟಲಿಗೆ ಸೇರಿಸುತ್ತೇನೆ. ಬಣ್ಣ ಹೋದರೂ ಫ್ಯಾನ್ ಇನ್ನೂ ಹತ್ತು ನಿಮಿಷ ಓಡುತ್ತಿರುತ್ತದೆ. ನೈಟ್ರಿಕ್ ಬಾಟಲಿ ಮಾತ್ರ ಅದೇ ಪೀರಿಯಡ್ ಮುಗಿಯುವುದರೊಳಗೆ ತನ್ನ ಟ್ರೇಗೆ ವಾಪಸ್ ಹೋಗಿರಬೇಕು. ನಾಳೆ ಇಡೋಣ ಅಂತ ಒಳಗೆ ಬಿಟ್ಟರೆ, ಅದರ ಪಕ್ಕಕ್ಕೆ ಇನ್ನೊಂದು ಬಾಟಲಿ ಬಂದು ಕೂರುತ್ತದೆ.