ಷೇರು ದರದ ಸ್ಪ್ಯಾನ್: ಹಳೆಯ ದಿನಗಳನ್ನು ಮತ್ತೆ ಎಣಿಸದೆ ಲೆಕ್ಕ ಹಾಕುವುದು ಹೇಗೆ?

ಒಂದು ಷೇರಿನ ಇವತ್ತಿನ ಮುಕ್ತಾಯ ದರ ನಿಮ್ಮ ಮುಂದಿದೆ. ಇವತ್ತಿನಿಂದ ಹಿಂದಕ್ಕೆ ಹೋಗುತ್ತಾ, ದರ ಇವತ್ತಿನಷ್ಟೇ ಅಥವಾ ಅದಕ್ಕಿಂತ ಕಡಿಮೆ ಇದ್ದ ದಿನಗಳನ್ನು ಒಂದೇ ಸಮನೆ ಎಣಿಸಿ. ಇವತ್ತಿಗಿಂತ ಹೆಚ್ಚಿನ ದರದ ದಿನ ಸಿಕ್ಕ ಕೂಡಲೇ ನಿಲ್ಲಿಸಿ. ಇವತ್ತನ್ನೂ ಸೇರಿಸಿ ಬಂದ ಸಂಖ್ಯೆಯೇ ಸ್ಪ್ಯಾನ್. ಸ್ಪ್ಯಾನ್ 6 ಎಂದರೆ, ಕಳೆದ 6 ವಹಿವಾಟಿನ ದಿನಗಳಲ್ಲಿ ಯಾವತ್ತೂ ದರ ಇವತ್ತಿಗಿಂತ ಮೇಲೆ ಮುಕ್ತಾಯವಾಗಿರಲಿಲ್ಲ ಎಂದರ್ಥ.

ಪೂರ್ತಿ ಪಟ್ಟಿ ಮೊದಲೇ ಕೈಯಲ್ಲಿದ್ದರೆ ಇದನ್ನು ಹಲವು ರೀತಿಯಲ್ಲಿ ಮಾಡಬಹುದು. ಇಲ್ಲಿ ಹೇಳುತ್ತಿರುವುದು ಆನ್‌ಲೈನ್ ರೂಪ. ಇಲ್ಲಿ ದರಗಳು ದಿನಕ್ಕೊಂದರಂತೆ ಬರುತ್ತವೆ, ಬಂದ ತಕ್ಷಣ ಉತ್ತರ ಕೊಡಬೇಕು, ನಾಳೆಯ ದರ ಗೊತ್ತಿರುವುದಿಲ್ಲ.

ಪ್ರತಿದಿನವೂ ಪಟ್ಟಿಯ ಉದ್ದಕ್ಕೆ ಹಿಂದಕ್ಕೆ ನಡೆದು ಎಣಿಸಿದರೆ ಉತ್ತರವೇನೋ ಸರಿ ಬರುತ್ತದೆ. ಆದರೆ ದರ ಸತತವಾಗಿ ಏರುತ್ತಿದ್ದರೆ ಪ್ರತಿದಿನ ಮೊದಲ ದಿನದವರೆಗೂ ಹೋಗಬೇಕಾಗುತ್ತದೆ. 2,500 ದಿನಗಳಿಗೆ, ಅಂದರೆ ಸುಮಾರು 10 ವರ್ಷದ ವಹಿವಾಟಿಗೆ, ಹೋಲಿಕೆಗಳು 31 ಲಕ್ಷ ದಾಟುತ್ತವೆ. ಅದೂ ಒಂದೇ ಷೇರಿಗೆ. ನಿನ್ನೆ ಎಣಿಸಿದ್ದನ್ನೇ ಇವತ್ತು ಮತ್ತೆ ಎಣಿಸುತ್ತಿರುವುದೇ ಇದಕ್ಕೆ ಕಾರಣ.

ಯಾವ ದಿನವನ್ನು ಮರೆಯಬಹುದು?

ಸೋಮವಾರ ದರ 398, ಮಂಗಳವಾರ 401 ಎಂದುಕೊಳ್ಳಿ. ಬುಧವಾರ ಅಥವಾ ಅದರ ಮುಂದಿನ ಯಾವುದೇ ದಿನ ಹಿಂದಕ್ಕೆ ನೋಡಿದರೆ ಮೊದಲು ಎದುರಾಗುವುದು ಮಂಗಳವಾರ. ಆ ದಿನದ ದರ 401ಕ್ಕಿಂತ ಕಡಿಮೆಯಿದ್ದರೆ ಎಣಿಕೆ ಮಂಗಳವಾರದ ಎದುರೇ ನಿಲ್ಲುತ್ತದೆ, ಸೋಮವಾರದ ತನಕ ಹೋಗುವುದೇ ಇಲ್ಲ. 401 ಅಥವಾ ಹೆಚ್ಚಿದ್ದರೆ ಮಂಗಳವಾರದ ಜೊತೆ ಸೋಮವಾರವೂ ಎಣಿಕೆಗೆ ಸೇರಲೇಬೇಕು. ಎರಡೂ ಸಂದರ್ಭಗಳಲ್ಲಿ ಸೋಮವಾರದ ದರವನ್ನು ಪ್ರತ್ಯೇಕವಾಗಿ ಕೇಳುವ ಅಗತ್ಯವಿಲ್ಲ. ಜಾತ್ರೆಯಲ್ಲಿ ತೇರಿನ ಕಡೆಯಿಂದ ನೋಡಿದರೆ ಎತ್ತರದ ಆಳಿನ ಹಿಂದೆ ನಿಂತ ಮಗು ಕಾಣದಂತೆ, ಸೋಮವಾರ ಮಂಗಳವಾರದ ಹಿಂದೆ ಮರೆಯಾಗಿದೆ.

ದರವನ್ನು ಮರೆಯಬಹುದು, ಆದರೆ ಅಲ್ಲೊಂದು ದಿನ ಇತ್ತು ಎಂಬುದನ್ನು ಮರೆಯುವಂತಿಲ್ಲ. ಅದಕ್ಕಾಗಿಯೇ ಜೋಡಿ ಬೇಕು. ಮಂಗಳವಾರವನ್ನು (401, 2) ಎಂದು ಬರೆದಿಡುತ್ತೇವೆ. ಮೊದಲನೆಯದು ದರ, ಎರಡನೆಯದು ಆ ದರದ ಮರೆಯಲ್ಲಿರುವ ದಿನಗಳ ಎಣಿಕೆ, ತನ್ನನ್ನೂ ಸೇರಿಸಿ. ಈ ಎಣಿಕೆ ಬೇರೇನೂ ಅಲ್ಲ, ಆ ದಿನದ ಸ್ಪ್ಯಾನೇ. ಒಮ್ಮೆ ಲೆಕ್ಕ ಹಾಕಿದ ಉತ್ತರವೇ ಮುಂದಿನ ಲೆಕ್ಕಕ್ಕೆ ಬಂಡವಾಳವಾಗುತ್ತದೆ.

ಈ ಜೋಡಿಗಳನ್ನು ಸ್ಟ್ಯಾಕ್‌ನಲ್ಲಿ ಇಡುತ್ತೇವೆ. ಹೋಟೆಲಿನಲ್ಲಿ ಪೇರಿಸಿಟ್ಟ ತಟ್ಟೆಗಳ ಹಾಗೆ, ಇಡುವುದೂ ಮೇಲೆ, ತೆಗೆಯುವುದೂ ಮೇಲಿನಿಂದ. ಹತ್ತಿರದ ದಿನ ಯಾವಾಗಲೂ ಮೇಲಿರುವುದರಿಂದ ಹಿಂದಕ್ಕೆ ನೋಡುವ ಕೆಲಸಕ್ಕೆ ಇದು ಹೇಳಿ ಮಾಡಿಸಿದಂತಿದೆ.

ಕೋಡ್

ಪೈಥಾನ್‌ನಲ್ಲಿ ಪೂರ್ತಿ ಕೋಡ್ ಇಷ್ಟೇ:

```python
class StockSpanner:
    def __init__(self):
        self.stack = []

    def next(self, price):
        span = 1
        while self.stack and self.stack[-1][0] <= price:
            span += self.stack.pop()[1]
        self.stack.append((price, span))
        return span
```

ಇವತ್ತಿನ ದಿನವನ್ನು ಲೆಕ್ಕಕ್ಕೆ ಹಿಡಿದು 1ರಿಂದ ಶುರು ಮಾಡಿ. ಸ್ಟ್ಯಾಕ್‌ನ ಮೇಲಿರುವ ದರ ಇವತ್ತಿನದಕ್ಕೆ ಸಮ ಅಥವಾ ಕಡಿಮೆ ಇರುವವರೆಗೂ ಆ ಜೋಡಿಯನ್ನು ತೆಗೆದು, ಅದರ ಎಣಿಕೆಯನ್ನು ಕೂಡಿಸುತ್ತಾ ಹೋಗಿ. ಹೆಚ್ಚಿನ ದರ ಎದುರಾದಾಗ ಅಥವಾ ಸ್ಟ್ಯಾಕ್ ಖಾಲಿಯಾದಾಗ ನಿಲ್ಲಿಸಿ. ಇವತ್ತಿನ ದರ ಮತ್ತು ಬಂದ ಮೊತ್ತವನ್ನು ಹೊಸ ಜೋಡಿಯಾಗಿ ಮೇಲಿಡಿ. `while` ಸಾಲಿನಲ್ಲಿ `self.stack` ಖಾಲಿಯೇ ಎಂಬ ಪರೀಕ್ಷೆ ಮೊದಲು ಬರಬೇಕು. ಹಿಂದುಮುಂದಾದರೆ ಮೊದಲ ದಿನವೇ `IndexError` ಬರುತ್ತದೆ.

8 ದಿನಗಳ ಲೆಕ್ಕ

ದರಗಳು ಹೀಗಿರಲಿ: 412, 405, 398, 401, 401, 396, 409, 430. ಕಾಗದ, ಪೆನ್ಸಿಲ್ ಹಿಡಿದು ಜೊತೆಗೇ ಬರೆಯುತ್ತಾ ಹೋದರೆ ಒಳ್ಳೆಯದು.

ಮೊದಲ 3 ದಿನ ದರ ಇಳಿಯುತ್ತಿದೆ. ಆದ್ದರಿಂದ ಯಾವುದನ್ನೂ ತೆಗೆಯುವುದಿಲ್ಲ, ಮೂರು ದಿನವೂ ಉತ್ತರ 1. ಸ್ಟ್ಯಾಕ್‌ನಲ್ಲಿ ಕೆಳಗಿನಿಂದ ಮೇಲಕ್ಕೆ (412, 1), (405, 1), (398, 1) ಇವೆ. 4ನೇ ದಿನ 401 ಬಂದಾಗ 398 ಹೊರಬೀಳುತ್ತದೆ. 405 ಹೆಚ್ಚಾದ್ದರಿಂದ ಅಲ್ಲಿಗೇ ನಿಲ್ಲುತ್ತೇವೆ. ಉತ್ತರ 2, ಮೇಲೆ (401, 2).

5ನೇ ದಿನ ಮತ್ತೆ 401. ಸಮ ದರವೂ ಎಣಿಕೆಗೆ ಸೇರುವುದರಿಂದ (401, 2) ಹೊರಬಂದು ಉತ್ತರ 3 ಆಗುತ್ತದೆ, ಮೇಲೆ (401, 3) ಕೂರುತ್ತದೆ. 6ನೇ ದಿನ 396, ಉತ್ತರ 1.

7ನೇ ದಿನದ 409ರಲ್ಲಿ ಈ ವಿಧಾನದ ಬಲ ಕಾಣುತ್ತದೆ. 1ರಿಂದ ಶುರು. (396, 1) ತೆಗೆದರೆ 2. (401, 3) ತೆಗೆದರೆ 5. (405, 1) ತೆಗೆದರೆ 6. ಮುಂದೆ 412 ಹೆಚ್ಚು, ನಿಂತೆವು. 2ರಿಂದ 7ನೇ ದಿನದವರೆಗೆ ಸರಿಯಾಗಿ 6 ದಿನ. 401ರ ಹಿಂದಿದ್ದ 3 ದಿನಗಳನ್ನು ಒಂದೇ ಹೆಜ್ಜೆಯಲ್ಲಿ ದಾಟಿದೆವು. ಈಗ ಸ್ಟ್ಯಾಕ್‌ನಲ್ಲಿ (412, 1), (409, 6) ಮಾತ್ರ. 8ನೇ ದಿನ 430 ಬಂದಾಗ ಎರಡೂ ಹೊರಬಂದು ಉತ್ತರ 8, ಉಳಿಯುವುದು (430, 8) ಒಂದೇ.

ಒಟ್ಟು 8 ಬಾರಿ ಇಟ್ಟೆವು, 7 ಬಾರಿ ತೆಗೆದೆವು. ಒಂದು ದಿನದಲ್ಲಿ ಮೂರನ್ನು ತೆಗೆದಿರಬಹುದು, ಆದರೆ ಪ್ರತಿ ಜೋಡಿ ಒಳಗೆ ಬರುವುದು ಒಂದೇ ಸಲ, ಹೊರಗೆ ಹೋಗುವುದೂ ಹೆಚ್ಚೆಂದರೆ ಒಂದೇ ಸಲ. ಹಾಗಾಗಿ 2,500 ದಿನಗಳಿಗೆ ಇಡುವುದು, ತೆಗೆಯುವುದು ಎರಡೂ ಸೇರಿ 5,000 ಮೀರುವುದಿಲ್ಲ. ಯಾವುದೋ ಒಂದು ದಿನ ಮಾತ್ರ ಉತ್ತರ ತುಸು ತಡವಾಗಬಹುದು, ಒಟ್ಟು ಲೆಕ್ಕದಲ್ಲಿ ಸರಾಸರಿ ಕೆಲಸ ಸ್ಥಿರ. ಜಾಗದ ವಿಷಯದಲ್ಲಿ ಕೆಟ್ಟ ಸಂದರ್ಭವೆಂದರೆ ದಿನವೂ ಇಳಿಯುವ ಷೇರು. ಅಲ್ಲಿ ಏನೂ ಮರೆಯಾಗುವುದಿಲ್ಲ, 2,500 ಜೋಡಿಗಳೂ ಉಳಿದುಕೊಳ್ಳುತ್ತವೆ.

ತಪ್ಪು ಎಲ್ಲಿ ಅಡಗುತ್ತದೆ?

ಅತಿ ಹೆಚ್ಚು ಕಾಣುವ ತಪ್ಪು `<=` ಬದಲು `<` ಬರೆಯುವುದು. ಇದು ಬೇಗ ಸಿಕ್ಕಿಬೀಳುವುದಿಲ್ಲ. ಮೇಲಿನ ಪಟ್ಟಿಯಲ್ಲೇ ನೋಡಿ: 5ನೇ ದಿನ 3ರ ಬದಲು 1 ಬರುತ್ತದೆ. ಆದರೆ 7ನೇ ದಿನ 396, ಎರಡು 401, 405 ಎಲ್ಲವೂ ಹೊರಬಂದು ಉತ್ತರ ಮತ್ತೆ ಸರಿಯಾಗಿ 6 ಬರುತ್ತದೆ. ಕೊನೆಯ ಉತ್ತರವನ್ನಷ್ಟೇ ನೋಡಿದವರಿಗೆ ತಪ್ಪು ಗೊತ್ತಾಗುವುದೇ ಇಲ್ಲ. ಪರೀಕ್ಷಿಸುವ ಪಟ್ಟಿಯಲ್ಲಿ ಒಂದರ ಪಕ್ಕ ಒಂದು ಸಮ ದರ ಇರಲೇಬೇಕು ಎನ್ನುವುದು ಇದಕ್ಕೇ.

ಎರಡನೆಯದು, ತೆಗೆದ ಜೋಡಿಯ ಎಣಿಕೆಯನ್ನು ಕೂಡಿಸುವ ಬದಲು ಬರೀ 1 ಕೂಡಿಸುವುದು. ಆಗ 7ನೇ ದಿನ 6ರ ಬದಲು 4 ಬರುತ್ತದೆ.

ಈ ಎರಡನ್ನೂ ಹಿಡಿಯಲು ಎರಡು ನಿಯಮಗಳು ಸಾಕು. ಸ್ಟ್ಯಾಕ್‌ನಲ್ಲಿರುವ ಎಲ್ಲ ಎಣಿಕೆಗಳ ಮೊತ್ತ ಇದುವರೆಗಿನ ದಿನಗಳ ಸಂಖ್ಯೆಗೆ ಸಮನಾಗಿರಬೇಕು. 7ನೇ ದಿನದ ಕೊನೆಗೆ 1 + 6 = 7, ಸರಿ. ಜೊತೆಗೆ ದರಗಳು ಕೆಳಗಿನಿಂದ ಮೇಲಕ್ಕೆ ಇಳಿಯುತ್ತಲೇ ಹೋಗಬೇಕು, ಎಲ್ಲೂ ಸಮ ಇರಬಾರದು. ಬರೀ 1 ಕೂಡಿಸಿದರೆ ಮೊದಲ ನಿಯಮ ಮುರಿಯುತ್ತದೆ, `<` ಬರೆದರೆ ಎರಡನೆಯದು. ಕೋಡ್ ಬರೆಯುವ ಹಂತದಲ್ಲಿ ಪ್ರತಿ ಕರೆಯ ನಂತರ ಇವೆರಡನ್ನೂ ಪರೀಕ್ಷಿಸುವುದು ಒಳ್ಳೆಯದು.

`stack = []` ಅನ್ನು `__init__` ಒಳಗೆ ಬರೆಯದೆ ಕ್ಲಾಸಿನ ಮೈಯಲ್ಲೇ ಬರೆದರೆ ಎಲ್ಲ ಷೇರುಗಳೂ ಒಂದೇ ಸ್ಟ್ಯಾಕ್ ಹಂಚಿಕೊಳ್ಳುತ್ತವೆ. ಯಾವುದೇ ಷೇರಿನ ಮೊದಲ ದಿನ 1ಕ್ಕಿಂತ ಹೆಚ್ಚು ಉತ್ತರ ಬಂದರೆ ಮೊದಲು ಇದನ್ನೇ ನೋಡಿ.

ದರವನ್ನು ಪೈಸೆಯ ಪೂರ್ಣಾಂಕವಾಗಿ ಇಟ್ಟುಕೊಳ್ಳುವುದು ಕ್ಷೇಮ, ಏಕೆಂದರೆ ದಶಮಾಂಶದ ಲೆಕ್ಕದಲ್ಲಿ ಸಮ ದರಗಳು ಸಮವಾಗಿ ಉಳಿಯುತ್ತವೆ ಎಂಬ ಖಾತರಿಯಿಲ್ಲ. ಬದಲಾಯಿಸುವಾಗಲೂ ಎಚ್ಚರ ಬೇಕು: `int(1.15 * 100)` ಕೊಡುವುದು 114, `round(1.15 * 100)` ಕೊಡುವುದು 115.

ವಹಿವಾಟು ನಡೆಯುತ್ತಿರುವಾಗ

ಸಂಜೆಯ ಮುಕ್ತಾಯ ದರದ ಬದಲು ಮಧ್ಯಾಹ್ನದ ಚಾಲ್ತಿ ದರವನ್ನೇ `next`ಗೆ ಕೊಟ್ಟರೆ ಅದು ಒಂದು ಪೂರ್ತಿ ದಿನವೆಂದು ದಾಖಲಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಹೊರಹೋದ ಜೋಡಿಗಳು ಮರಳಿ ಬರುವುದಿಲ್ಲ. 8ನೇ ದಿನ ದರ ಮಧ್ಯಾಹ್ನ 430 ಮುಟ್ಟಿ, ಕೊನೆಗೆ 408ಕ್ಕೆ ಮುಕ್ತಾಯವಾಯಿತು ಎಂದುಕೊಳ್ಳಿ. ಎರಡನ್ನೂ ಕೊಟ್ಟಿದ್ದರೆ ಸ್ಟ್ಯಾಕ್‌ನಲ್ಲಿ (430, 8), (408, 1) ಇರುತ್ತವೆ. ಮರುದಿನ 410 ಬಂದರೆ ಉತ್ತರ 2. ನಿಜವಾದ ಉತ್ತರ 8: (408, 1) ಮತ್ತು (409, 6) ಎರಡೂ ಸೇರಬೇಕಿತ್ತು, ಆದರೆ 409 ಹಿಂದಿನ ಮಧ್ಯಾಹ್ನವೇ ಅಳಿಸಿಹೋಗಿತ್ತು.

ಚಾಲ್ತಿ ದರದ ಸ್ಪ್ಯಾನ್ ತೋರಿಸಬೇಕಿದ್ದರೆ ಏನನ್ನೂ ತೆಗೆಯದೆ ನೋಡಿ ಬರುವ ಇನ್ನೊಂದು ವಿಧಾನವನ್ನು ಅದೇ ಕ್ಲಾಸಿಗೆ ಸೇರಿಸಿ:

```python
    def peek(self, price):
        span = 1
        for p, count in reversed(self.stack):
            if p > price:
                break
            span += count
        return span
```

ಇದನ್ನು ಎಷ್ಟು ಸಲ ಕರೆದರೂ ಸ್ಟ್ಯಾಕ್ ಬದಲಾಗುವುದಿಲ್ಲ. ಆದರೆ ಇಲ್ಲಿ ಸ್ಥಿರ ಸರಾಸರಿಯ ಭರವಸೆ ಇಲ್ಲ. ತೆಗೆಯದ ಕಾರಣ ಅದೇ ಜೋಡಿಗಳನ್ನು ಪ್ರತಿ ಕರೆಯಲ್ಲೂ ಮತ್ತೆ ದಾಟಬೇಕಾಗುತ್ತದೆ.

ಬೋನಸ್ ಬಂದಾಗ

ಬೆಂಗಳೂರಿನ ಇನ್ಫೊಸಿಸ್ 2018ರ ಸೆಪ್ಟೆಂಬರ್‌ನಲ್ಲಿ 1:1 ಬೋನಸ್ ಷೇರು ಕೊಟ್ಟಿತು. ಹಾಗೆ ಕೊಟ್ಟಾಗ ಒಂದು ಷೇರು ಎರಡಾಗುತ್ತದೆ, ಮಾರುಕಟ್ಟೆ ದರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹೂಡಿಕೆದಾರರಿಗೆ ಇದರಿಂದ ನಷ್ಟವಿಲ್ಲ, ಆದರೆ ನಮ್ಮ ಸ್ಟ್ಯಾಕ್‌ಗೆ ಅದು ಗೊತ್ತಿಲ್ಲ. 7ನೇ ದಿನದ (412, 1), (409, 6) ಇದ್ದು, 8ನೇ ದಿನ 1:1 ಬೋನಸ್ ನಂತರದ ದರ 206 ಎಂದಿರಲಿ. ಹಾಗೆಯೇ ಕೊಟ್ಟರೆ ಉತ್ತರ 1. ಮುಂದೆಯೂ ದರ 409 ಮುಟ್ಟುವವರೆಗೆ ಬೋನಸ್‌ಗಿಂತ ಹಿಂದಿನ ಒಂದು ದಿನವೂ ಎಣಿಕೆಗೆ ಬರುವುದಿಲ್ಲ. ಯಾವ ದೋಷ ಸಂದೇಶವೂ ಕಾಣದು, ಮೇಲೆ ಹೇಳಿದ ಎರಡು ನಿಯಮಗಳೂ ಮುರಿಯುವುದಿಲ್ಲ. ಒಂದು ದಿನಾಂಕದ ನಂತರ ಸ್ಪ್ಯಾನ್‌ಗಳು ಆ ದಿನಾಂಕವನ್ನು ದಾಟಿ ಹಿಂದಕ್ಕೆ ಹೋಗುತ್ತಲೇ ಇಲ್ಲ ಎಂಬುದೊಂದೇ ಸುಳಿವು.

ಪರಿಹಾರ ಸರಳ. ಹಳೆಯ ದರಗಳನ್ನು ಮುಟ್ಟದೆ, ಆ ದಿನದಿಂದ ಮುಂದೆ ಬರುವ ಪ್ರತಿ ದರವನ್ನೂ 2ರಿಂದ ಗುಣಿಸಿ ಕೊಡಿ. 206 ಈಗ 412 ಆಗುತ್ತದೆ. 409 ಮತ್ತು ಅದಕ್ಕೆ ಸಮನಾದ 412 ಎರಡೂ ಹೊರಬಂದು ಉತ್ತರ 8. ಮುಖಬೆಲೆ ₹10ರಿಂದ ₹2ಕ್ಕೆ ವಿಭಜನೆಯಾದರೆ 5ರಿಂದ ಗುಣಿಸಬೇಕು, ಅದಾದ ಮೇಲೆ 1:1 ಬೋನಸ್ ಬಂದರೆ ಒಟ್ಟು 10ರಿಂದ. ಹಳೆಯ ದರಗಳನ್ನು ಭಾಗಿಸಿಯೂ ಸರಿಪಡಿಸಬಹುದು, ಆದರೆ ಭಾಗಾಕಾರದಲ್ಲಿ ಶೇಷ ಉಳಿದು ಪೈಸೆಗೆ ಹೊಂದಿಸಿದಾಗ ಹತ್ತಿರದ ಎರಡು ದರಗಳು ಸಮವಾಗಿಬಿಡುವ ಅಪಾಯವಿದೆ. ಪ್ರತಿ ಷೇರಿಗೂ ಅದರ ಸ್ಟ್ಯಾಕ್ ಜೊತೆಯಲ್ಲೇ ಈ ಗುಣಕವನ್ನೂ ಉಳಿಸಿಡಿ. ಪರದೆಯ ಮೇಲೆ ದರ ತೋರಿಸುವಾಗ ಮಾತ್ರ ಗುಣಿಸದ ಮೂಲ ದರವನ್ನೇ ತೋರಿಸಿ.