ಮನೆಯ ಸಾಬೂನು, ಗಿಡಮೂಲಿಕೆ ಎಣ್ಣೆ: ಮಾರಾಟಕ್ಕೆ ಮುನ್ನ ಪರೀಕ್ಷಿಸುವುದು ಹೇಗೆ?

ನೆಂಟರಿಷ್ಟರಿಗೆ ಮಾಡಿಕೊಟ್ಟ ಸಾಬೂನಿನಿಂದ ಕೈ ಉರಿದರೆ ಅವರು ಮನೆಗೇ ಬಂದು ಹೇಳುತ್ತಾರೆ. ಅಂಗಡಿಯಲ್ಲಿ ಕೊಂಡ ಅಪರಿಚಿತರು ಪೊಟ್ಟಣದ ಮೇಲಿನ ಬರಹವನ್ನಷ್ಟೇ ನಂಬಬೇಕಾಗುತ್ತದೆ. ಆದ್ದರಿಂದ ಮಾರುವ ಯೋಚನೆ ಬಂದ ದಿನದಿಂದಲೇ ಪ್ರತಿ ಬ್ಯಾಚಿಗೂ ಒಂದು ಸಂಖ್ಯೆ ಕೊಟ್ಟು, ಹಾಕಿದ ಪ್ರತಿ ವಸ್ತುವಿನ ತೂಕವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು.

ಸಾಬೂನಿನ ಲೆಕ್ಕ

ಎಣ್ಣೆಯನ್ನು ಸಾಬೂನಾಗಿಸುವುದು ಕಾಸ್ಟಿಕ್ ಸೋಡಾ. ಅದರ ಪ್ರಮಾಣ ಎಣ್ಣೆಯಿಂದ ಎಣ್ಣೆಗೆ ಬೇರೆಯಾಗುತ್ತದೆ. ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 0.183 ಗ್ರಾಂ, ಎಳ್ಳೆಣ್ಣೆಗೆ 0.134 ಗ್ರಾಂ, ಹರಳೆಣ್ಣೆಗೆ 0.128 ಗ್ರಾಂ ಸೋಡಾ ಬೇಕು. 350 ಗ್ರಾಂ ಕೊಬ್ಬರಿ ಎಣ್ಣೆ, 100 ಗ್ರಾಂ ಎಳ್ಳೆಣ್ಣೆ ಮತ್ತು 50 ಗ್ರಾಂ ಹರಳೆಣ್ಣೆಯ ಮಿಶ್ರಣಕ್ಕೆ ಈ ಲೆಕ್ಕದಂತೆ ಸುಮಾರು 84 ಗ್ರಾಂ ಸೋಡಾ ಆಗುತ್ತದೆ. ಅಷ್ಟನ್ನೂ ಹಾಕದೆ ಶೇಕಡಾ 5ರಷ್ಟು ಕಡಿಮೆ ಮಾಡಿ ಸುಮಾರು 79.7 ಗ್ರಾಂ ತೆಗೆದುಕೊಂಡರೆ ಸ್ವಲ್ಪ ಎಣ್ಣೆ ಸಾಬೂನಾಗದೆ ಉಳಿದು ಚರ್ಮಕ್ಕೆ ರಕ್ಷಣೆಯಾಗುತ್ತದೆ. ಲೋಟ, ಚಮಚಗಳ ಅಳತೆ ಇಲ್ಲಿ ಸಲ್ಲದು. ಡಿಜಿಟಲ್ ತಕ್ಕಡಿಯೇ ಬೇಕು.

ಕೈಗವಸು ಮತ್ತು ಕನ್ನಡಕ ಧರಿಸಿ, ಗಾಳಿಯಾಡುವ ಜಾಗದಲ್ಲಿ 160 ಗ್ರಾಂ ನೀರಿಗೆ ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಅದು ಕುದಿದು ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ಕೊರೆಯುವುದರಿಂದ ಸ್ಟೀಲಿನದನ್ನೇ ಬಳಸಬೇಕು. ದ್ರಾವಣ ಉಗುರುಬೆಚ್ಚಗಾದ ಮೇಲೆ ಎಣ್ಣೆಗೆ ಬೆರೆಸಿ, ತೆಳುವಾದ ಇಡ್ಲಿ ಹಿಟ್ಟಿನ ಹದಕ್ಕೆ ಬರುವವರೆಗೆ ಕಡೆದು, ಒಣಗಿದ ಕಹಿಬೇವಿನ ಎಲೆಯ ಪುಡಿಯನ್ನು ಒಂದು ಚಮಚ ಸೇರಿಸಿ ಅಚ್ಚಿಗೆ ಹೊಯ್ಯಬೇಕು. ಹಸಿ ಎಲೆ ರುಬ್ಬಿ ಹಾಕಿದರೆ ಬಣ್ಣ ಕೆಡುತ್ತದೆ, ಕೆಲವೊಮ್ಮೆ ಬೂಷ್ಟೂ ಹಿಡಿಯುತ್ತದೆ.

ಕತ್ತರಿಸಿದ ಬಿಲ್ಲೆಗಳು ಕನಿಷ್ಠ ನಾಲ್ಕು ವಾರ ನೆರಳಿನಲ್ಲಿ ಮಾಗಬೇಕು. ಬಿಲ್ಲೆಯೊಳಗೆ ದ್ರವದ ಗುಳಿ ಕಂಡರೆ, ಅಥವಾ ನೊರೆಯಲ್ಲಿ ಅದ್ದಿದ, ಕ್ಷಾರತೆ ಅಳೆಯುವ ಪಿಎಚ್ ಪಟ್ಟಿ 11 ದಾಟಿದರೆ, ಆ ಬ್ಯಾಚನ್ನು ಮಾರಬಾರದು. ನಿಜವಾದ ಸಾಬೂನಿನ ಪಿಎಚ್ ಸಾಮಾನ್ಯವಾಗಿ 9ರಿಂದ 10ರ ಆಸುಪಾಸಿನಲ್ಲಿರುತ್ತದೆ. ಮಾಗುವಾಗ ನೀರು ಆರಿ ತೂಕ ಇಳಿಯುವುದರಿಂದ, ಕತ್ತರಿಸಿದ ದಿನದ ತೂಕವನ್ನು ಲೇಬಲ್ಲಿನಲ್ಲಿ ಮುದ್ರಿಸಿದರೆ ಗ್ರಾಹಕರಿಗೆ ತೂಕದಲ್ಲಿ ಮೋಸವಾಗುತ್ತದೆ.

ಎಣ್ಣೆಯ ಶತ್ರು ನೀರು

ತಲೆಗೆ ಹಚ್ಚುವ ಎಣ್ಣೆ ಹೆಚ್ಚಾಗಿ ಕೆಡುವುದು ಎಲೆಯಲ್ಲಿ ಉಳಿದ ತೇವದಿಂದ. ಆಯುರ್ವೇದದ ಸಾಮಾನ್ಯ ಕ್ರಮದಲ್ಲಿ ಕಲ್ಕ, ಅಂದರೆ ಅರೆದ ಮೂಲಿಕೆಯ ಮುದ್ದೆ, ಒಂದು ಪಾಲು, ಎಣ್ಣೆ ನಾಲ್ಕು ಪಾಲು, ರಸ ಅಥವಾ ಕಷಾಯ ಹದಿನಾರು ಪಾಲು. ಗರುಗದ ಸೊಪ್ಪು, ಒಂದೆಲಗಗಳ ರಸ ಹಾಕಿ ಸಣ್ಣ ಉರಿಯಲ್ಲಿ ಕಾಯಿಸುತ್ತಾ ಹೋದರೆ ಚಟಪಟ ಸದ್ದು ಕ್ರಮೇಣ ನಿಲ್ಲುತ್ತದೆ. ಆಗ ಕಲ್ಕವನ್ನು ಬೆರಳುಗಳ ನಡುವೆ ಹೊಸೆದರೆ ಬತ್ತಿಯಾಗಬೇಕು. ಅದನ್ನು ಬೆಂಕಿಗೆ ಹಿಡಿದಾಗ ಸಿಡಿಯಬಾರದು. ಸಿಡಿದರೆ ಇನ್ನೂ ನೀರಿದೆ ಎಂದೇ ಅರ್ಥ. ಸೋಸಿ ಒಂದು ರಾತ್ರಿ ಬಿಟ್ಟು, ತಳದ ಗಸಿಯನ್ನು ಕಲಕದೆ ಮೇಲಿನ ಎಣ್ಣೆಯನ್ನಷ್ಟೇ ಪೂರ್ತಿ ಒಣಗಿದ ಬಾಟಲಿಗೆ ತುಂಬಬೇಕು. ಪ್ರತಿ ಬ್ಯಾಚಿನ ಒಂದು ಬಾಟಲಿಯನ್ನು ತೆಗೆದಿಟ್ಟು, ತಿಂಗಳಿಗೊಮ್ಮೆ ಮೂಸಿ ನೋಡಿ, ಕಮಟು ವಾಸನೆ ಬಂದ ತಿಂಗಳನ್ನು ಬರೆದಿಡುವುದು ಬಾಳಿಕೆಯ ಅವಧಿಯನ್ನು ತಿಳಿಯಲು ಮೊದಲ ಆಧಾರ.

ಲೇಬಲ್ಲಿನ ಮಾತು

ಮನೆಯ ಸಾಬೂನಿಗೆ ‘ಕೆಮಿಕಲ್ ಇಲ್ಲ’ ಎಂದು ಬರೆಯುವುದು ಸುಳ್ಳು, ಏಕೆಂದರೆ ಕಾಸ್ಟಿಕ್ ಸೋಡಾ ಇಲ್ಲದೆ ಅದು ಸಾಬೂನೇ ಆಗದು. ಚರ್ಮದ ಪಿಎಚ್‌ಗೆ ಹೊಂದುತ್ತದೆ ಎಂಬುದೂ ಹಾಗೆಯೇ. ಕಹಿಬೇವು ಮೊಡವೆ ವಾಸಿಮಾಡುತ್ತದೆ, ಎಣ್ಣೆ ಬೋಳುತಲೆಯಲ್ಲಿ ಕೂದಲು ಬೆಳೆಸುತ್ತದೆ ಎಂದೊಡನೆ ಪದಾರ್ಥವು ಸೌಂದರ್ಯವರ್ಧಕದ ಗೆರೆ ದಾಟಿ ಔಷಧದ ಲೆಕ್ಕಕ್ಕೆ ಬರುತ್ತದೆ. ‘ಕೊಬ್ಬರಿ ಎಣ್ಣೆಯಲ್ಲಿ ಗರುಗ ಕಾಯಿಸಿದ್ದು, ಕೂದಲಿಗೆ ನುಣುಪು’ ಎಂಬ ಮಾತು ಚಿಕ್ಕದಾದರೂ ನಿಲ್ಲುತ್ತದೆ. ಎಲ್ಲ ಪದಾರ್ಥಗಳ ಹೆಸರು ಬರೆಯುವುದನ್ನು ನಾನಂತೂ ಅತಿ ಮುಖ್ಯವೆಂದು ಭಾವಿಸುತ್ತೇನೆ. ಅಲರ್ಜಿ ಇರುವವರಿಗೆ ಅದೊಂದೇ ಕಾವಲು. ಮೊದಲ ಬಳಕೆಗೆ ಮುನ್ನ ಎಣ್ಣೆಯನ್ನು ಮೊಣಕೈಯ ಒಳಮಗ್ಗುಲಿಗೆ ಸ್ವಲ್ಪ ಹಚ್ಚಿ ಎರಡು ದಿನ ನೋಡಬೇಕೆಂಬ ಸೂಚನೆಯೂ ಇರಲಿ.

ಪರವಾನಗಿ ಮತ್ತು ಬೇಡಿಕೆ

ಮಾರಾಟಕ್ಕೆ ಸೌಂದರ್ಯವರ್ಧಕ ತಯಾರಿಸಲು 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ರಾಜ್ಯದ ಪ್ರಾಧಿಕಾರದಿಂದ ಪರವಾನಗಿ ಪಡೆಯಬೇಕು. ಆಯುರ್ವೇದ ಔಷಧವೆಂದು ಮಾರುವ ಎಣ್ಣೆಗೆ ಪ್ರತ್ಯೇಕ ಪರವಾನಗಿ. ಸ್ವಂತ ಘಟಕ ಕಟ್ಟಲಾಗದವರು ಪರವಾನಗಿ ಇರುವ ಬೇರೊಬ್ಬರ ಘಟಕದಲ್ಲಿ ತಯಾರಿಸಲು ಲೋನ್ ಲೈಸೆನ್ಸ್ ಕೇಳಬಹುದು.

ಈ ಖರ್ಚಿಗೆ ಇಳಿಯುವ ಮೊದಲು ಬೇಡಿಕೆಯನ್ನು ಅಳೆಯಬೇಕು. ಪುಕ್ಕಟೆಯಾಗಿ ಪಡೆದವರ ಹೊಗಳಿಕೆ ಇದಕ್ಕೆ ಸಾಲದು. ಒಂದು ಬಿಲ್ಲೆ ಸುಮಾರು ಒಂದು ತಿಂಗಳು ಬರುವುದರಿಂದ, ಮಾದರಿ ಕೊಟ್ಟು ಎರಡು ತಿಂಗಳು ಕಾದು, ನಾವು ನೆನಪಿಸದೆಯೇ ಮತ್ತೆ ಕೇಳಿ ಬಂದವರು ಎಷ್ಟು ಮಂದಿ ಎಂದು ಬರೆದುಕೊಳ್ಳಬೇಕು. ಎಣ್ಣೆ, ಪೊಟ್ಟಣ, ಮಾಗುವ ವಾರಗಳಲ್ಲಿ ಸಿಲುಕುವ ಹಣ, ನಮ್ಮ ಕೂಲಿ, ಪರವಾನಗಿಯ ಪಾಲು ಎಲ್ಲವನ್ನೂ ಸೇರಿಸಿದ ಬೆಲೆಯನ್ನು ಅವರಿಗೆ ತಿಳಿಸಿದ ಮೇಲೂ ಬೇಕೆಂದವರ ಸಂಖ್ಯೆಯನ್ನು ನೋಡಿಯೇ ಮೊದಲ ಬ್ಯಾಚಿನ ಗಾತ್ರವನ್ನು ನಿರ್ಧರಿಸಬೇಕು.